ಮಹಾಪ್ರಬಂಧದ ಮುದ್ರಣ ಮತ್ತು ಬೈಂಡಿಂಗ್: ಒಟ್ಟು ವೆಚ್ಚವನ್ನು ಮೊದಲೇ ಲೆಕ್ಕ ಹಾಕುವ ಬಗೆ

ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಹಂತಕ್ಕೆ ಬಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಪುಟಕ್ಕೆ ಎರಡು ರೂಪಾಯಿ, ಬೈಂಡಿಂಗಿಗೆ ಇನ್ನೂರೈವತ್ತು ಎಂದು ಅಂಗಡಿಯಲ್ಲಿ ಹೇಳಿದ್ದಾರೆ, ಹಾಗಾದರೆ ಒಟ್ಟು ಎಷ್ಟಾಗುತ್ತದೆ?" ಎರಡು ದರಗಳು ಗೊತ್ತಾದ ಮೇಲೆ ಉಳಿದದ್ದು ಬರಿಯ ಗುಣಾಕಾರ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೂ ಮನೆಯಲ್ಲಿ ಹಾಕಿಕೊಂಡು ಹೋದ ಲೆಕ್ಕಕ್ಕೂ ಅಂಗಡಿಯವರು ಕೊನೆಯಲ್ಲಿ ಬರೆಯುವ ಬಿಲ್ಲಿಗೂ ತಾಳೆಯಾಗದಿರುವುದೇ ಹೆಚ್ಚು. ಅದಕ್ಕೆ ಕಾರಣ ಗುಣಾಕಾರದಲ್ಲಿ ಇರುವುದಿಲ್ಲ. ಯಾವ ಪುಟವನ್ನು ಯಾವ ದರದಡಿ ಎಣಿಸಲಾಯಿತು ಎಂಬುದರಲ್ಲಿ ಇರುತ್ತದೆ.

ಈ ಲೇಖನದಲ್ಲಿ ಒಂದೇ ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಂಡು ಲೆಕ್ಕ ಮಾಡಲಾಗಿದೆ. ಶಾಸನಗಳನ್ನು ಕುರಿತ ಒಂದು ಕನ್ನಡ ಮಹಾಪ್ರಬಂಧ. ಒಟ್ಟು 286 ಪುಟ. ಅದರಲ್ಲಿ ಮುಖಪುಟ, ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಪರಿವಿಡಿ ಸೇರಿ ಆರಂಭದ 14 ಪುಟ. ಛಾಯಾಚಿತ್ರ ಮತ್ತು ನಕ್ಷೆಗಳಿರುವ 24 ಬಣ್ಣದ ಪುಟ. ಬೇಕಾಗಿರುವುದು 6 ಪ್ರತಿ. ಇಲ್ಲಿ ಬಳಸಿರುವ ದರಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು. ಊರಿಂದ ಊರಿಗೆ, ಒಂದೇ ವಿಶ್ವವಿದ್ಯಾಲಯದ ಎದುರಿನ ಎರಡು ಅಂಗಡಿಗಳ ನಡುವೆಯೂ ದರ ಬೇರೆಯಾಗಿರುತ್ತದೆ. ನಿಮ್ಮ ಅಂಗಡಿಯ ದರವನ್ನು ಅದೇ ಜಾಗದಲ್ಲಿಟ್ಟು ಲೆಕ್ಕ ಮಾಡಿಕೊಳ್ಳಿ.

ಹಂತ 1: ಪ್ರತಿಗಳ ಸಂಖ್ಯೆ ಮತ್ತು ನಿಯಮವನ್ನು ಕಚೇರಿಯಿಂದಲೇ ತಿಳಿದುಕೊಳ್ಳಿ

ಅಂಗಡಿಗೆ ಹೋಗುವ ಮುನ್ನ ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗದಲ್ಲಿ ನಾಲ್ಕು ಸಂಗತಿಗಳನ್ನು ಕೇಳಿ ಬರೆದುಕೊಳ್ಳಬೇಕು: ಎಷ್ಟು ಪ್ರತಿ ಸಲ್ಲಿಸಬೇಕು, ಹಾಳೆಯ ಒಂದೇ ಬದಿಯಲ್ಲಿ ಮುದ್ರಿಸಬೇಕೋ ಎರಡೂ ಬದಿಯಲ್ಲಿ ಮುದ್ರಿಸಬಹುದೋ, ಹೊದಿಕೆಯ ಬಣ್ಣ ಯಾವುದು, ಮತ್ತು ಮೌಲ್ಯಮಾಪನಕ್ಕೆ ಕಳಿಸುವ ಪ್ರತಿಗೆ ಯಾವ ಬಗೆಯ ಬೈಂಡಿಂಗ್ ಸಾಕು. ಕಳೆದ ವರ್ಷ ಸಲ್ಲಿಸಿದ ಗೆಳೆಯರ ಮಾತನ್ನು ನಂಬಿ ಹೊರಡಬೇಡಿ. ನಿಯಮಾವಳಿ ಅದೇ ಇದ್ದರೂ ಸುತ್ತೋಲೆಯ ಮೂಲಕ ಪ್ರತಿಗಳ ಸಂಖ್ಯೆ ಬದಲಾಗುವುದುಂಟು. ಮೃದುಪ್ರತಿ, ಅಂದರೆ ಪಿಡಿಎಫ್ ಕಡತವನ್ನು ಸಲ್ಲಿಸುವ ಕ್ರಮ ಬಂದ ಮೇಲೆ ಕಾಗದದ ಪ್ರತಿಗಳನ್ನು ಕಡಿಮೆ ಮಾಡಿದ ಕಡೆಗಳೂ ಇವೆ.

ಇವುಗಳಲ್ಲಿ ಹೆಚ್ಚು ಹಣ ಉಳಿಸುವುದು ನಾಲ್ಕನೆಯ ಪ್ರಶ್ನೆ. ಮೌಲ್ಯಮಾಪನಕ್ಕೆ ಸಾದಾ ಬೈಂಡಿಂಗಿನ ಪ್ರತಿಗಳನ್ನು ಪಡೆದು, ಮೌಖಿಕ ಪರೀಕ್ಷೆಯ ನಂತರ ತಿದ್ದುಪಡಿಗಳನ್ನು ಸೇರಿಸಿದ ಪ್ರತಿಗೆ ಮಾತ್ರ ಗಟ್ಟಿ ರಟ್ಟಿನ ಬೈಂಡಿಂಗ್ ಕೇಳುವ ಪದ್ಧತಿ ಹಲವೆಡೆ ಇದೆ. ನಿಮ್ಮಲ್ಲಿ ಆ ಪದ್ಧತಿ ಇದ್ದು, ಅದು ಗೊತ್ತಿಲ್ಲದೆ ಮೊದಲೇ ಆರೂ ಪ್ರತಿಗಳಿಗೆ ಚಿನ್ನದ ಅಕ್ಷರ ಹಾಕಿಸಿದರೆ ಆ ಖರ್ಚು ಎರಡನೆಯ ಬಾರಿಯೂ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಆರೂ ಪ್ರತಿಗಳಿಗೆ ಗಟ್ಟಿ ಬೈಂಡಿಂಗ್ ಬೇಕು ಎಂದೇ ಇಟ್ಟುಕೊಳ್ಳೋಣ.

ಪ್ರತಿಗಳನ್ನು ಎಣಿಸುವಾಗ ವಿಶ್ವವಿದ್ಯಾಲಯಕ್ಕೆ ಕೊಡುವವಷ್ಟೇ ಅಲ್ಲ, ಮಾರ್ಗದರ್ಶಕರಿಗೆ ಒಂದು, ಅಧ್ಯಯನ ವಿಭಾಗದ ಅಥವಾ ಸಂಶೋಧನಾ ಕೇಂದ್ರದ ಗ್ರಂಥಾಲಯಕ್ಕೆ ಒಂದು, ನಿಮಗೆ ಒಂದು ಎಂದು ಸೇರಿಸಿಕೊಳ್ಳಿ. ಮನೆಯವರಿಗೆಂದು ಇನ್ನೊಂದು ಬೇಕಿದ್ದರೆ ಅದನ್ನೂ ಈಗಲೇ ಸೇರಿಸುವುದು ಲೇಸು. ಕಾರಣ ನಾಲ್ಕನೆಯ ಹಂತದಲ್ಲಿ ತಾನಾಗಿ ತಿಳಿಯುತ್ತದೆ.

ಹಂತ 2: ಕಡತವನ್ನು ಪಿಡಿಎಫ್‌ ಮಾಡಿ, ಆಮೇಲೆ ಪುಟ ಎಣಿಸಿ

ವರ್ಡ್ ಕಡತದಲ್ಲಿ ಕಾಣುವ ಪುಟಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದೇ ಕಡತವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಫಾಂಟ್ ಬದಲಾಗಿ, ಸಾಲುಗಳು ಸರಿದು, ಪುಟಗಳ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದೆ. ಆಗ ಪರಿವಿಡಿಯ ಪುಟಸಂಖ್ಯೆಗಳೆಲ್ಲ ತಪ್ಪುತ್ತವೆ. ಕನ್ನಡದ ಪ್ರಬಂಧಕ್ಕೆ ಇನ್ನೊಂದು ಅಪಾಯವಿದೆ. ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಕಾಣಿಸುತ್ತವೆ. ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್‌ ಮಾಡಿಕೊಂಡು, ಅಡೋಬಿ ರೀಡರಿನಲ್ಲಿ ತೆರೆದು, `File > Properties > Fonts` ಎಂಬಲ್ಲಿ ಪ್ರತಿಯೊಂದು ಫಾಂಟಿನ ಮುಂದೆಯೂ `Embedded` ಅಥವಾ `Embedded Subset` ಎಂದಿದೆಯೇ ಎಂದು ನೋಡಿಕೊಳ್ಳಿ. ಹಾಗಿದ್ದರೆ ಫಾಂಟು ಕಡತದೊಳಗೇ ಸೇರಿಕೊಂಡಿದೆ, ಯಾವ ಯಂತ್ರದಲ್ಲೂ ಅಕ್ಷರ ಕೆಡುವುದಿಲ್ಲ ಎಂದರ್ಥ. ಪುಟದ ಅಳತೆ ಎ4 ಆಗಿದೆಯೇ ಎಂಬುದನ್ನೂ ಆಗಲೇ ನೋಡಿ. ವರ್ಡಿನಲ್ಲಿ ಎಷ್ಟೋ ಸಲ ಅದು `Letter` ಎಂದೇ ಉಳಿದುಬಿಟ್ಟಿರುತ್ತದೆ.

ಈಗ ಬಣ್ಣದ ಪುಟಗಳ ಎಣಿಕೆ. ಇದು ಇಡೀ ಲೆಕ್ಕದ ಗಂಟು, ಆದ್ದರಿಂದ ಇಲ್ಲಿ ಅವಸರ ಬೇಡ. ನಿಮ್ಮ ದೃಷ್ಟಿಯಲ್ಲಿ ಬಣ್ಣದ ಪುಟ ಎಂದರೆ ಚಿತ್ರವಿರುವ ಪುಟ. ಬಣ್ಣದ ಮುದ್ರಣಯಂತ್ರದ ಲೆಕ್ಕದಲ್ಲಿ ಒಂದು ಚುಕ್ಕೆಯಷ್ಟು ಬಣ್ಣ ಬಿದ್ದರೂ ಅದು ಬಣ್ಣದ ಪುಟವೇ. ಜಾಲತಾಣದ ವಿಳಾಸ ನೀಲಿಯಾಗಿ ಉಳಿದ ಅಡಿಟಿಪ್ಪಣಿ, ಪುಟದ ಮೇಲ್ಭಾಗದಲ್ಲಿ ಅಂದಕ್ಕೆಂದು ಎಳೆದ ಕಂದು ಗೆರೆ, ಎಕ್ಸೆಲಿನಿಂದ ತಂದ ಕೋಷ್ಟಕದ ತಿಳಿನೀಲಿ ತಲೆಸಾಲು, ಹಳೆಯ ದಾಖಲೆಯನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿದ್ದರಿಂದ ಬಂದ ಹಳದಿ ಛಾಯೆ, ಇವೆಲ್ಲ ಪುಟವನ್ನು ಬಣ್ಣದ ದರಕ್ಕೆ ತಳ್ಳುತ್ತವೆ. ಪುಟದ ಮೇಲ್ಭಾಗದ ಗೆರೆ ಒಂದೇ ಬಣ್ಣದ್ದಾಗಿದ್ದರೂ ಅದು 286 ಪುಟಗಳಲ್ಲೂ ಇರುತ್ತದೆ ಎಂಬುದನ್ನು ಮರೆಯಬೇಡಿ.

ಪಿಡಿಎಫ್‌ನ ಪುಟಗಳನ್ನು ಸಣ್ಣ ಚಿತ್ರಗಳ ಸಾಲಾಗಿ ತೆರೆದು ಕಣ್ಣಾಡಿಸಿದರೆ ಚಿತ್ರಗಳು ಕೂಡಲೇ ಸಿಗುತ್ತವೆ, ಆದರೆ ನೀಲಿ ಅಡಿಟಿಪ್ಪಣಿ ತಪ್ಪಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಇದ್ದವರು ಈ ಆದೇಶವನ್ನು ಕೊಡಬಹುದು; ವಿಂಡೋಸಿನಲ್ಲಿ `gs` ಬದಲು `gswin64c` ಎಂದು ಬರೆಯಬೇಕು:

```
gs -o - -sDEVICE=inkcov thesis.pdf
```

ಇದು ಪ್ರತಿ ಪುಟಕ್ಕೂ ನಾಲ್ಕು ಅಂಕಿಗಳ ಒಂದು ಸಾಲನ್ನು ತೋರಿಸುತ್ತದೆ. ಮೊದಲ ಮೂರು ಬಣ್ಣದ ಶಾಯಿಗಳು, ನಾಲ್ಕನೆಯದು ಕಪ್ಪು. ಮೊದಲ ಮೂರೂ ಸೊನ್ನೆಯಾಗಿದ್ದರೆ ಆ ಪುಟ ನಿಸ್ಸಂದೇಹವಾಗಿ ಕಪ್ಪು-ಬಿಳುಪು. ಸೊನ್ನೆಯಲ್ಲದಿದ್ದರೆ ಆ ಪುಟವನ್ನು ತೆರೆದು ನೋಡಿ, ಏಕೆಂದರೆ ಬರಿಯ ಬೂದು ಬಣ್ಣದ ಚಿತ್ರ ಕೂಡ ಕೆಲವೊಮ್ಮೆ ಹೀಗೆ ಕಾಣಿಸಿಕೊಳ್ಳುತ್ತದೆ.

ಬಣ್ಣ ಬೇಡದ ಪುಟಗಳಲ್ಲಿ ಅದನ್ನು ಮೂಲ ಕಡತದಲ್ಲೇ ತೆಗೆದುಹಾಕಿ. ಜಾಲವಿಳಾಸಗಳನ್ನು ಕಪ್ಪು ಮಾಡಿ, ಸ್ಕ್ಯಾನ್ ಚಿತ್ರಗಳನ್ನು ಬೂದುಬಣ್ಣಕ್ಕೆ ತಿರುಗಿಸಿ, ಮತ್ತೆ ಪಿಡಿಎಫ್‌ ಮಾಡಿ. ನಮ್ಮ ಉದಾಹರಣೆಯಲ್ಲಿ ಹೀಗೆ ಶುದ್ಧಮಾಡಿದ ಮೇಲೆ ಉಳಿದದ್ದು 24 ಬಣ್ಣದ ಪುಟ, 262 ಕಪ್ಪು-ಬಿಳುಪು ಪುಟ.

ಬಣ್ಣದ ಪುಟಗಳ ಪಟ್ಟಿಯನ್ನು ಅಂಗಡಿಗೆ ಬರೆದುಕೊಡುವಾಗ ಬಹಳ ಮಂದಿ ಎಡವುತ್ತಾರೆ. ಪ್ರಬಂಧದ ಆರಂಭದ 14 ಪುಟಗಳಿಗೆ ರೋಮನ್ ಅಂಕಿಗಳಿದ್ದು, ಮೊದಲ ಅಧ್ಯಾಯದಿಂದ 1 ಎಂದು ಹೊಸದಾಗಿ ಎಣಿಕೆ ಶುರುವಾಗಿರುತ್ತದೆ. ನೀವು ಪುಟದ ಅಡಿಯಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ನೋಡಿ "58ನೇ ಪುಟ ಬಣ್ಣದ್ದು" ಎಂದು ಬರೆಯುತ್ತೀರಿ. ಅಂಗಡಿಯ ಹುಡುಗ ಮುದ್ರಣದ ಚೌಕಟ್ಟಿನಲ್ಲಿ 58 ಎಂದೇ ಒತ್ತುತ್ತಾನೆ. ಆದರೆ ಕಡತದ ಲೆಕ್ಕದಲ್ಲಿ ಆ ಚಿತ್ರವಿರುವುದು 58 + 14, ಅಂದರೆ 72ನೇ ಪುಟದಲ್ಲಿ. ಫಲವಾಗಿ ಶಾಸನದ ಛಾಯಾಚಿತ್ರ ಕಪ್ಪು-ಬಿಳುಪಿನಲ್ಲೂ, ಬರಿಯ ಪಠ್ಯವಿರುವ ಪುಟ ಬಣ್ಣದ ದರದಲ್ಲೂ ಬರುತ್ತದೆ. ಪಟ್ಟಿಯಲ್ಲಿ ಯಾವಾಗಲೂ ಕಡತದ ಪುಟಸಂಖ್ಯೆಯನ್ನೇ ಬರೆಯಿರಿ. "ಇದು ಪಿಡಿಎಫ್‌ ಪುಟಸಂಖ್ಯೆ" ಎಂದು ಮೇಲೆ ಸ್ಪಷ್ಟವಾಗಿ ನಮೂದಿಸಿ.

ಹಂತ 3: ದರ ಕೇಳುವ ಕ್ರಮ

"ಪ್ರಿಂಟ್ ಎಷ್ಟು?" ಎಂದು ಕೇಳಿದರೆ ಸಿಗುವ ಉತ್ತರ ಲೆಕ್ಕಕ್ಕೆ ಬರುವುದಿಲ್ಲ. ಕೇಳಬೇಕಾದದ್ದು ಒಂದು ಬದಿಯ ದರವೋ ಒಂದು ಹಾಳೆಯ ದರವೋ ಎಂಬುದನ್ನು. ಎರಡೂ ಬದಿ ಮುದ್ರಿಸುವಾಗ ಒಂದು ಹಾಳೆಯಲ್ಲಿ ಎರಡು ಪುಟಗಳಿರುತ್ತವೆ. "ಎರಡೂ ಕಡೆಯಾದರೆ ಎರಡು ರೂಪಾಯಿ" ಎಂದು ಅಂಗಡಿಯವರು ಹೇಳಿದಾಗ ಅದು ಹಾಳೆಗೆ ಎಂದಾದರೆ ನಮ್ಮ ಪ್ರಬಂಧದಲ್ಲಿ ಎರಡೂ ಬದಿ ಮುದ್ರಿಸಬಹುದಾದ 126 ಹಾಳೆಗೆ 252 ರೂಪಾಯಿ; 126 ಹೇಗೆ ಬಂತು ಎಂಬುದು ನಾಲ್ಕನೆಯ ಹಂತದಲ್ಲಿದೆ. ಬದಿಗೆ ಎಂದಾದರೆ ಅದೇ ಹಾಳೆಗಳಿಗೆ 504 ರೂಪಾಯಿ. ಆರು ಪ್ರತಿಗಳ ಮೇಲೆ ಈ ಒಂದು ಮಾತಿನ ಅಸ್ಪಷ್ಟತೆಯಿಂದಲೇ 1,512 ರೂಪಾಯಿ ವ್ಯತ್ಯಾಸವಾಗುತ್ತದೆ.

ಎರಡನೆಯದಾಗಿ, ಹೇಳಿದ ದರ ಯಾವ ಕಾಗದಕ್ಕೆ ಎಂದು ಕೇಳಿ. ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದು. ಸಾಮಾನ್ಯ ಜೆರಾಕ್ಸ್ ಕಾಗದ 70 ಅಥವಾ 75 ಜಿಎಸ್‌ಎಂ ಇರುತ್ತದೆ. ಮಹಾಪ್ರಬಂಧಕ್ಕೆ 80 ಹಾಕಿಸುವವರು ಹೆಚ್ಚು. 100 ಜಿಎಸ್‌ಎಂ ಬಾಂಡ್ ಕಾಗದಕ್ಕೆ ದರ ಏರುತ್ತದೆ. ಎ4 ಹಾಳೆ ಚದರ ಮೀಟರಿನ ಹದಿನಾರನೆಯ ಒಂದು ಭಾಗವಾದ್ದರಿಂದ 80 ಜಿಎಸ್‌ಎಂ ಹಾಳೆ ಸರಿಯಾಗಿ 5 ಗ್ರಾಂ ತೂಗುತ್ತದೆ. 286 ಹಾಳೆಗಳ ಒಂದು ಪ್ರತಿ ರಟ್ಟು ಬಿಟ್ಟು 1 ಕಿಲೊ 430 ಗ್ರಾಂ ಆಗುತ್ತದೆ. ಆರು ಪ್ರತಿಗಳನ್ನು ಬಸ್ಸಿನಲ್ಲಿ ಒಯ್ಯುವವರಿಗೆ ಈ ಲೆಕ್ಕ ಬೇಕಾಗುತ್ತದೆ. ನಿಯಮದಲ್ಲಿ ಕೇಳದಿದ್ದರೆ 100 ಜಿಎಸ್‌ಎಂ ಹಾಕಿಸುವುದರಿಂದ ಪ್ರಬಂಧ ಉಬ್ಬುತ್ತದೆ, ಬೇರೇನೂ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಬೈಂಡಿಂಗ್ ದರದೊಳಗೆ ಏನೇನು ಸೇರಿದೆ ಎಂಬುದು. ಬೈಂಡಿಂಗಿನಲ್ಲಿ ಮುಖ್ಯವಾಗಿ ಮೂರು ಬಗೆ. ಪ್ಲಾಸ್ಟಿಕ್ ಸುರುಳಿ ಹಾಕುವ ಸ್ಪೈರಲ್, ತೆಳು ರಟ್ಟಿಗೆ ಅಂಟಿನಿಂದ ಕೂಡಿಸುವ ಸಾಫ್ಟ್ ಬೈಂಡಿಂಗ್, ಮತ್ತು ಹಾಳೆಗಳನ್ನು ಎಡ ಅಂಚಿನಲ್ಲಿ ಹೊಲಿದು ರೆಕ್ಸಿನ್ ಅಥವಾ ಕ್ಯಾಲಿಕೊ ಬಟ್ಟೆ ಹೊದಿಸಿದ ದಪ್ಪ ರಟ್ಟಿನೊಳಗೆ ಕೂರಿಸುವ ಹಾರ್ಡ್ ಬೈಂಡಿಂಗ್. ಕೊನೆಯದರಲ್ಲಿ ಹೊದಿಕೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳನ್ನು ಒತ್ತುತ್ತಾರೆ. ಆ ಅಕ್ಷರಗಳಿಗೆ ಬ್ಲಾಕ್, ಅಂದರೆ ಒತ್ತುವ ಅಚ್ಚನ್ನು, ಮಾಡಿಸಬೇಕಾದರೆ ಅದರ ವೆಚ್ಚ ಪ್ರತಿಗೆ ಇಷ್ಟು ಎಂದು ಬರುವುದಿಲ್ಲ. ಎಷ್ಟು ಪ್ರತಿಯಾದರೂ ಒಂದೇ ಸಲ ಬರುತ್ತದೆ. ಕನ್ನಡ ಶೀರ್ಷಿಕೆಗೆ ಪ್ರತ್ಯೇಕ ಬ್ಲಾಕ್ ಬೇಕೇ, ಬೆನ್ನಿನ ಮೇಲಿನ ಹೆಸರು ಮತ್ತು ವರ್ಷ ಅದರಲ್ಲೇ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಬೆನ್ನಿನ ಅಕ್ಷರಕ್ಕೆ ಬೇರೆ ದುಡ್ಡು ಎಂಬ ಮಾತು ಪ್ರತಿಗಳನ್ನು ತರಲು ಹೋದ ದಿನವೇ ಕೇಳಿಬರುವುದು ಸಾಮಾನ್ಯ.

ಕೊನೆಯದಾಗಿ, ಜಿಎಸ್‌ಟಿ ಸೇರಿದ ದರವೋ ಹೊರತಾದ ದರವೋ ಎಂಬುದು. ಸಾದಿಲ್ವಾರು ಅನುದಾನದಿಂದ ಈ ಖರ್ಚನ್ನು ಪಡೆಯಬಹುದೇ ಎಂದು ನಿಮ್ಮ ಕಚೇರಿಯಲ್ಲಿ ಕೇಳಿಕೊಂಡಿದ್ದು, ಅದಕ್ಕೆ ಜಿಎಸ್‌ಟಿ ಸಂಖ್ಯೆಯುಳ್ಳ ಪಕ್ಕಾ ಬಿಲ್ಲು ಬೇಕಿದ್ದರೆ, ಅದನ್ನು ದರ ಮಾತಾಡುವಾಗಲೇ ಹೇಳಬೇಕು. ಚೀಟಿಯ ಮೇಲಿನ ದರಕ್ಕೂ ಪಕ್ಕಾ ಬಿಲ್ಲಿನ ದರಕ್ಕೂ ಅಂತರವಿರುತ್ತದೆ.

ಹಂತ 4: ಲೆಕ್ಕ

ನಮ್ಮ ಉದಾಹರಣೆಗೆ ಈ ದರಗಳನ್ನು ಇಟ್ಟುಕೊಳ್ಳೋಣ: ಒಂದೇ ಬದಿಯ ಕಪ್ಪು-ಬಿಳುಪು ಪುಟಕ್ಕೆ 2 ರೂಪಾಯಿ, ಬಣ್ಣದ ಪುಟಕ್ಕೆ 10 ರೂಪಾಯಿ, ಹಾರ್ಡ್ ಬೈಂಡಿಂಗಿಗೆ ಪ್ರತಿಯೊಂದಕ್ಕೆ 250 ರೂಪಾಯಿ, ಬ್ಲಾಕಿಗೆ ಒಂದೇ ಸಲ 300 ರೂಪಾಯಿ. ಸೂತ್ರ ಇಷ್ಟೇ:

```
ಒಂದು ಪ್ರತಿ = (ಕಪ್ಪು ಪುಟ × ದರ) + (ಬಣ್ಣದ ಪುಟ × ದರ) + ಬೈಂಡಿಂಗ್
ಒಟ್ಟು = (ಒಂದು ಪ್ರತಿ × ಪ್ರತಿಗಳ ಸಂಖ್ಯೆ) + ಒಂದೇ ಸಲದ ವೆಚ್ಚಗಳು
```

ಕಪ್ಪು-ಬಿಳುಪು 262 ಪುಟಕ್ಕೆ 524 ರೂಪಾಯಿ, ಬಣ್ಣದ 24 ಪುಟಕ್ಕೆ 240 ರೂಪಾಯಿ. ಮುದ್ರಣಕ್ಕೆ ಒಟ್ಟು 764. ಬೈಂಡಿಂಗಿನ 250 ಸೇರಿಸಿದರೆ ಒಂದು ಪ್ರತಿಗೆ 1,014 ರೂಪಾಯಿ. ಆರು ಪ್ರತಿಗೆ 6,084. ಬ್ಲಾಕಿನ 300 ಸೇರಿ 6,384.

ಇದಕ್ಕೆ ಎರಡು ಸಣ್ಣ ಬಾಬುಗಳನ್ನು ಸೇರಿಸಲೇಬೇಕು. ಮೊದಲನೆಯದು ಕರಡು ಪ್ರತಿ. ಕೊನೆಯ ಓದಿಗೆಂದು ಅಗ್ಗದ ಕಾಗದದಲ್ಲಿ, ಎರಡೂ ಬದಿ, ಬದಿಗೆ 1 ರೂಪಾಯಿಯಂತೆ ಮುದ್ರಿಸಿದರೆ 286 ರೂಪಾಯಿ, ಸ್ಪೈರಲ್ ಹಾಕಿಸಲು 60 ರೂಪಾಯಿ, ಒಟ್ಟು 346. ಎರಡನೆಯದು ಮುದ್ರಣವಾದ ಮೇಲೆ ಸಿಗುವ ತಪ್ಪುಗಳಿಗಾಗಿ ಬದಲಾಯಿಸುವ ಪುಟಗಳು. ಹತ್ತು ಪುಟ ಬದಲಾದರೆ ಆರು ಪ್ರತಿಗೆ 60 ಪುಟ, ಅಂದರೆ 120 ರೂಪಾಯಿ. ಎಲ್ಲವೂ ಸೇರಿ 6,850 ರೂಪಾಯಿ. ಸರಾಸರಿ ತೆಗೆದರೆ ಒಂದು ಪ್ರತಿಗೆ ಸುಮಾರು 1,142 ರೂಪಾಯಿ ಬೀಳುತ್ತದೆ.

ಆದರೆ ಏಳನೆಯ ಪ್ರತಿ ಬೇಕೆಂದರೆ ಅದಕ್ಕೆ 1,142 ಕೊಡಬೇಕಾಗಿಲ್ಲ. 1,014 ಸಾಕು, ಏಕೆಂದರೆ ಬ್ಲಾಕ್ ಮತ್ತು ಕರಡಿನ ವೆಚ್ಚ ಆಗಲೇ ಮುಗಿದಿದೆ. ಅದೇ ಪ್ರತಿಯನ್ನು ಆರು ತಿಂಗಳ ನಂತರ ಮಾಡಿಸಲು ಹೋದರೆ, ಬ್ಲಾಕನ್ನು ಅಂಗಡಿಯವರು ಇಟ್ಟುಕೊಂಡಿರದಿದ್ದಲ್ಲಿ ಮತ್ತೆ 300 ಸೇರುತ್ತದೆ. ಒಂದು ಹೆಚ್ಚಿನ ಪ್ರತಿಯನ್ನು ಮೊದಲೇ ಸೇರಿಸಿ ಎಂದದ್ದು ಇದಕ್ಕೇ.

ಈಗ ಅದೇ ಪ್ರಬಂಧವನ್ನು ಬಣ್ಣದ ಪುಟ ಬೇರ್ಪಡಿಸದೆ, ಮೇಲ್ಭಾಗದ ಕಂದು ಗೆರೆಯನ್ನೂ ತೆಗೆಯದೆ, ಇಡಿಯಾಗಿ ಬಣ್ಣದ ಯಂತ್ರಕ್ಕೆ ಕೊಟ್ಟರೆ ಏನಾಗುತ್ತದೆ ನೋಡಿ. 286 ಪುಟವೂ ಹತ್ತು ರೂಪಾಯಿಯಂತೆ 2,860. 764 ಆಗಬೇಕಾದ ಕಡೆ 2,096 ಹೆಚ್ಚು. ಆರು ಪ್ರತಿಗೆ ಈ ಹೆಚ್ಚುವರಿ 12,576 ರೂಪಾಯಿ, ನಮ್ಮ ಇಡೀ ಅಂದಾಜಿನ ಸುಮಾರು ಎರಡರಷ್ಟು. ಪುಟಕ್ಕೆ ಕಾಲು ರೂಪಾಯಿ ಕಡಿಮೆ ಮಾಡಿಸಲು ನಾಲ್ಕು ಅಂಗಡಿ ಸುತ್ತುವವರು ಆ ಗೆರೆಯ ಕಡೆ ನೋಡುವುದೇ ಇಲ್ಲ. ಕಾಲು ರೂಪಾಯಿ ಇಳಿದರೆ ಆರು ಪ್ರತಿಗಳ 1,572 ಕಪ್ಪು-ಬಿಳುಪು ಪುಟಗಳ ಮೇಲೆ ಉಳಿಯುವುದು 393 ರೂಪಾಯಿ. ಅದನ್ನು ಕೇಳಬೇಡಿ ಎಂದಲ್ಲ. ಸಾವಿರ ಪುಟ ದಾಟಿದ ಕೆಲಸಕ್ಕೆ ದರ ಇಳಿಸುವ ಅಂಗಡಿಗಳು ಇದ್ದೇ ಇವೆ.

ಎರಡೂ ಬದಿ ಮುದ್ರಿಸಲು ಅನುಮತಿ ಇದ್ದರೆ ವೆಚ್ಚ ಅರ್ಧಕ್ಕೆ ಇಳಿಯುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಹಾಗಾಗುವುದಿಲ್ಲ. ಹಾಳೆಗೆ 3 ರೂಪಾಯಿ ಎಂದು ಇಟ್ಟುಕೊಂಡು ನೋಡೋಣ. ಆರಂಭದ 14 ಪುಟಗಳಲ್ಲಿ ಪ್ರಮಾಣಪತ್ರ, ಘೋಷಣೆಗಳಂಥವು ಒಂಟಿ ಬದಿಯಲ್ಲೇ ಇರಬೇಕು. ಅವಕ್ಕೆ 28 ರೂಪಾಯಿ. ಬಣ್ಣದ 24 ಪುಟಗಳನ್ನು ಒಂಟಿ ಬದಿಯ ಚಿತ್ರಪುಟಗಳಾಗಿ ಇರಿಸಿದರೆ 240 ರೂಪಾಯಿ. ಉಳಿದ 248 ಪುಟಗಳಿಗೆ, ಪ್ರತಿ ಅಧ್ಯಾಯವೂ ಬಲಗಡೆಯ ಪುಟದಲ್ಲೇ ಆರಂಭವಾಗಲೆಂದು ನಡುವೆ ನಾಲ್ಕು ಖಾಲಿ ಪುಟ ಸೇರಿಸಿದರೆ, 252 ಬದಿ, ಅಂದರೆ 126 ಹಾಳೆ, 378 ರೂಪಾಯಿ. ಒಟ್ಟು 646. ಒಂದು ಪ್ರತಿಯಲ್ಲಿ ಉಳಿದದ್ದು 118 ರೂಪಾಯಿ, ಆರರಲ್ಲಿ 708. ಎರಡೂ ಬದಿಯ ಮುದ್ರಣದ ನಿಜವಾದ ಲಾಭ ಇರುವುದು ದಪ್ಪದಲ್ಲಿ: 286 ಹಾಳೆಗಳ ಜಾಗದಲ್ಲಿ 164 ಹಾಳೆ. ನಾನೂರು ಪುಟ ದಾಟಿದ ಪ್ರಬಂಧವನ್ನು ಒಂಟಿ ಬದಿಯಲ್ಲಿ ಮುದ್ರಿಸಿ ಎರಡು ಸಂಪುಟವಾಗಿ ಕಟ್ಟಿಸಬೇಕಾದ ಸಂದರ್ಭ ಬಂದರೆ ಬೈಂಡಿಂಗ್ ವೆಚ್ಚ ಎರಡರಷ್ಟಾಗುತ್ತದೆ. ಆಗ ಎರಡೂ ಬದಿಯ ಮುದ್ರಣ ಗಣನೀಯವಾಗಿ ಹಣ ಉಳಿಸುತ್ತದೆ.

ಹಂತ 5: ಮೊದಲು ಒಂದೇ ಪ್ರತಿ ಮುದ್ರಿಸಿ

ಆರೂ ಪ್ರತಿಗಳನ್ನು ಒಟ್ಟಿಗೆ ಹೊಡೆಸಬೇಡಿ. ಒಂದು ಪ್ರತಿಯನ್ನು ಮುದ್ರಿಸಿ, ಅಂಗಡಿಯಲ್ಲೇ ನಿಂತು ನೋಡಿ. ಮುದ್ರಣದ ಚೌಕಟ್ಟಿನಲ್ಲಿ `Fit` ಎಂಬುದು ಆಯ್ಕೆಯಾಗಿದ್ದರೆ ಇಡೀ ಪುಟ ಸ್ವಲ್ಪ ಕುಗ್ಗಿ ಮುದ್ರಣವಾಗುತ್ತದೆ, `Actual size` ಇರಬೇಕು. ಅಳತೆಪಟ್ಟಿಯನ್ನು ಜೊತೆಗೆ ಒಯ್ದು ಎಡಗಡೆಯ ಅಂಚನ್ನು ಅಳೆಯಿರಿ. ಎಡ ಅಂಚು ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಇರಬೇಕು ಎಂಬ ನಿಯಮ ಸಾಮಾನ್ಯವಾಗಿ ಕಾಣುವಂಥದ್ದು. ಹೊಲಿಗೆ ಮತ್ತು ಮಡಿಕೆ ಸೇರಿ ಅದರಲ್ಲಿ ಒಂದಷ್ಟು ಜಾಗವನ್ನು ನುಂಗುತ್ತವೆ. ಹೊಲಿದ ಪ್ರಬಂಧ ಅಗಲವಾಗಿ ತೆರೆದುಕೊಳ್ಳುವುದೂ ಇಲ್ಲ. ಅಂಚು ಒಂದು ಇಂಚಿಗೆ ಇಳಿದರೆ ಪ್ರತಿ ಸಾಲಿನ ಮೊದಲ ಅಕ್ಷರವನ್ನು ಓದಲು ಪುಸ್ತಕವನ್ನು ಅದುಮಿ ಹಿಡಿಯಬೇಕಾಗುತ್ತದೆ. ಎರಡೂ ಬದಿ ಮುದ್ರಿಸುವಾಗ ಈ ಅಗಲ ಅಂಚು ಹಿಂಬದಿಯ ಪುಟದಲ್ಲಿ ಬಲಕ್ಕೆ ಬರಬೇಕು; ವರ್ಡಿನಲ್ಲಿ ಅದಕ್ಕೆ `Mirror margins` ಎಂಬ ಆಯ್ಕೆ ಇದೆ. ಉಳಿದ ಮೂರು ಬದಿಗಳಲ್ಲಿಯೂ ಪುಟಸಂಖ್ಯೆ ತೀರ ಅಂಚಿಗೆ ಅಂಟಿಕೊಂಡಿರಬಾರದು, ಏಕೆಂದರೆ ಬೈಂಡಿಂಗಿನವರು ಕಟ್ಟಿದ ಮೇಲೆ ಅಂಚುಗಳನ್ನು ಕೆಲವು ಮಿಲಿಮೀಟರ್ ಕತ್ತರಿಸಿ ಸಮಮಾಡುತ್ತಾರೆ.

ಛಾಯಾಚಿತ್ರಗಳನ್ನು ಬೆಳಕಿನಲ್ಲಿ ಹಿಡಿದು ನೋಡಿ. ಶಾಸನದ ಅಕ್ಷರಗಳು ಪರದೆಯ ಮೇಲೆ ಸ್ಪಷ್ಟವಾಗಿದ್ದರೂ ಕಾಗದದ ಮೇಲೆ ಕಪ್ಪಗೆ ಮುಳುಗಿಹೋಗುವುದುಂಟು. ಚಿತ್ರವನ್ನು ಸ್ವಲ್ಪ ತಿಳಿಮಾಡಿ ಮತ್ತೆ ಒಂದು ಪುಟ ಹೊಡೆಸಿದರೆ ಹತ್ತು ರೂಪಾಯಿ ಖರ್ಚು. ಆರು ಪ್ರತಿ ಮುಗಿದ ಮೇಲೆ ನೋಡಿದರೆ 24 ಚಿತ್ರಗಳಿಗೆ 1,440 ರೂಪಾಯಿ.

ಹಂತ 6: ಬೈಂಡಿಂಗಿಗೆ ಕೊಡುವ ಮುನ್ನ ಬಿಡಿ ಹಾಳೆಗಳ ಪರಿಶೀಲನೆ

ಬಣ್ಣದ ಪುಟಗಳನ್ನು ಬೇರೆ ಯಂತ್ರದಲ್ಲಿ ಮುದ್ರಿಸಿದಾಗ ಅವನ್ನು ಕಪ್ಪು-ಬಿಳುಪು ಹಾಳೆಗಳ ನಡುವೆ ಕೈಯಿಂದಲೇ ಸೇರಿಸಬೇಕು. ಒಂದು ಪ್ರತಿಯಲ್ಲಿ 24, ಆರರಲ್ಲಿ 144 ಜಾಗ. ಸಂಜೆ ಹೊತ್ತು ಗಿರಾಕಿಗಳು ಮುತ್ತಿಕೊಂಡಿರುವಾಗ ಅಂಗಡಿಯವರು ಇದನ್ನು ಸರಿಯಾಗಿ ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಹಾಳೆಗಳನ್ನು ಮನೆಗೆ ತಂದು ನೀವೇ ಸೇರಿಸುವುದು ಒಳ್ಳೆಯದು. ನಿಮ್ಮ ವಿಷಯಕ್ಕೆ ಒಗ್ಗುವುದಾದರೆ ಚಿತ್ರಗಳನ್ನೆಲ್ಲ ಅನುಬಂಧದಲ್ಲಿ ಒಂದೇ ಕಡೆ ಇಟ್ಟರೆ ಈ ತಲೆನೋವೇ ಇರುವುದಿಲ್ಲ.

ಸೇರಿಸಿದ ಮೇಲೆ ಪ್ರತಿಯೊಂದು ಪ್ರತಿಯ ಪುಟಸಂಖ್ಯೆಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಯಂತ್ರ ಎರಡು ಹಾಳೆಗಳನ್ನು ಒಟ್ಟಿಗೆ ಎಳೆದುಕೊಂಡರೆ ನಡುವೆ ಖಾಲಿ ಹಾಳೆ ಸೇರಿಕೊಳ್ಳುತ್ತದೆ. ಕಾಗದ ಸಿಕ್ಕಿಕೊಂಡು ಬಿಡಿಸಿದ ಕಡೆ ಒಂದು ಪುಟ ಎರಡು ಸಲ ಬರುತ್ತದೆ ಅಥವಾ ತಪ್ಪಿಹೋಗುತ್ತದೆ. ಪ್ರತಿಗಳನ್ನು ಅಕ್ಕಪಕ್ಕ ನಿಲ್ಲಿಸಿ ದಪ್ಪವನ್ನು ಹೋಲಿಸಿದರೆ ದೊಡ್ಡ ತಪ್ಪು ಗೊತ್ತಾಗುತ್ತದೆ, ಆದರೆ ಒಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ಇರುವುದರಿಂದ ಒಂದೆರಡು ಹಾಳೆಯ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಪುಟಸಂಖ್ಯೆ ನೋಡುವುದೊಂದೇ ದಾರಿ. ಹೊಲಿದ ಮೇಲೆ ಪುಟ ಬದಲಾಯಿಸಲು ಬರುವುದಿಲ್ಲ. ಹಳೆಯ ಹಾಳೆಯನ್ನು ಬುಡದಲ್ಲಿ ಕತ್ತರಿಸಿ ಹೊಸದನ್ನು ಅಂಟಿಸಬಹುದಷ್ಟೆ, ಅದು ತೇಪೆ ಹಾಕಿದಂತೆಯೇ ಕಾಣುತ್ತದೆ.

ಪ್ರಮಾಣಪತ್ರ ಮತ್ತು ಘೋಷಣೆಯ ಪುಟಗಳಿಗೆ ಮಾರ್ಗದರ್ಶಕರ ಸಹಿ, ಮೊಹರು ಬೀಳಬೇಕಾದದ್ದು ಈ ಹಂತದಲ್ಲಿ. ಆ ಎರಡು ಪುಟಗಳನ್ನು ಆರರ ಬದಲು ತಲಾ ಎಂಟು ಮುದ್ರಿಸಿಕೊಳ್ಳಿ. ಶಾಯಿ ಕಲೆಯಾದರೆ ಅಥವಾ ಮೊಹರು ಅಕ್ಷರದ ಮೇಲೆ ಬಿದ್ದರೆ ಎಂಟು ರೂಪಾಯಿಯ ಹೆಚ್ಚುವರಿ ಹಾಳೆಗಳು ಇನ್ನೊಂದು ಓಡಾಟವನ್ನು ತಪ್ಪಿಸುತ್ತವೆ.

ಹಂತ 7: ಹೊದಿಕೆಯ ಕರಡು, ಮುಂಗಡ, ಪ್ರತಿಗಳ ಸ್ವೀಕಾರ

ಹೊದಿಕೆಯ ಮೇಲಿನ ಪಠ್ಯವನ್ನು ಬಾಯಲ್ಲಿ ಹೇಳಬೇಡಿ, ಕೈಬರಹದಲ್ಲೂ ಕೊಡಬೇಡಿ. ಶೀರ್ಷಿಕೆ, ನಿಮ್ಮ ಹೆಸರು, ಮಾರ್ಗದರ್ಶಕರ ಹೆಸರು, ವಿಶ್ವವಿದ್ಯಾಲಯ, ವರ್ಷ ಇವನ್ನು ಒಳಗಿನ ಮುಖಪುಟದಲ್ಲಿ ಇರುವಂತೆಯೇ ಒಂದು ಪಿಡಿಎಫ್‌ ಪುಟವಾಗಿ ಕೊಟ್ಟು, ಬ್ಲಾಕ್ ಮಾಡುವ ಮುನ್ನ ಅದರ ಕರಡನ್ನು ಕೇಳಿ ನೋಡಿ. ಕನ್ನಡದಲ್ಲಿ ಒತ್ತಕ್ಷರಗಳು ಶೀರ್ಷಿಕೆಯ ದೊಡ್ಡ ಅಳತೆಯಲ್ಲಿ ಕೆಳಗಿನ ಸಾಲಿಗೆ ತಗಲುವ ಸಾಧ್ಯತೆ ಇರುವುದರಿಂದ ಸಾಲುಗಳ ನಡುವಿನ ಅಂತರವನ್ನು ವಿಶೇಷವಾಗಿ ಗಮನಿಸಿ. ತಪ್ಪು ಬ್ಲಾಕ್ ನಿಮ್ಮ ಪಠ್ಯದಿಂದ ಆಗಿದ್ದರೆ 300 ರೂಪಾಯಿ ನಿಮ್ಮ ತಲೆಗೆ; ಕರಡು ಒಪ್ಪಿದ ಮೇಲೆ ಅವರ ಕೈಯಲ್ಲಿ ತಪ್ಪಾಗಿದ್ದರೆ ಅವರ ತಲೆಗೆ. ಕರಡಿನ ಮೇಲೆ ನೀವು ಸಹಿ ಹಾಕಿದ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.

ಪೂರ್ತಿ ಹಣವನ್ನು ಮೊದಲೇ ಕೊಡುವ ಅಗತ್ಯವಿಲ್ಲ. ಮುದ್ರಣದ ಹಣವನ್ನು ಮುದ್ರಣವಾದಾಗ ಕೊಟ್ಟು, ಬೈಂಡಿಂಗಿಗೆ ಅರ್ಧ ಮುಂಗಡ ಕೊಡುವುದು ರೂಢಿ. ನಮ್ಮ ಲೆಕ್ಕದಲ್ಲಿ ಬೈಂಡಿಂಗ್ ಮತ್ತು ಬ್ಲಾಕ್ ಸೇರಿ 1,800 ರೂಪಾಯಿ, 900 ಮುಂಗಡ. ಚೀಟಿಯಲ್ಲಿ ಪ್ರತಿಗಳ ಸಂಖ್ಯೆ, ಹೊದಿಕೆಯ ಬಣ್ಣ, ಬೆನ್ನಿನ ಅಕ್ಷರ ಸೇರಿದೆ ಎಂಬ ಮಾತು, ಕೊಡುವ ದಿನಾಂಕ ಇವು ಬರೆದಿರಲಿ. ಸಲ್ಲಿಕೆಯ ಕೊನೆಯ ದಿನಕ್ಕೂ ಆ ದಿನಾಂಕಕ್ಕೂ ನಡುವೆ ಕೆಲವು ದಿನಗಳ ಬಿಡುವು ಇರುವಂತೆ ನೋಡಿಕೊಳ್ಳಿ; ಮಳೆಗಾಲದಲ್ಲಿ ಅಂಟು ಒಣಗುವುದು ತಡ, ಹಸಿಯಾಗಿರುವಾಗಲೇ ಒಯ್ದ ಪ್ರತಿಯ ರಟ್ಟು ಬಾಗುತ್ತದೆ. ಅವಸರದ ಕೆಲಸಕ್ಕೆ ಹೆಚ್ಚಿನ ದರ ಕೇಳುವ ಅಂಗಡಿಗಳೂ ಇವೆ.

ಪ್ರತಿಗಳನ್ನು ಪಡೆಯುವಾಗ ಬಾಕಿ ಕೊಡುವ ಮೊದಲು ಒಂದೊಂದನ್ನೂ ತೆರೆದು, ಪುಟಗಳು ತಲೆಕೆಳಗಾಗಿ ಹೊಲಿದಿಲ್ಲವೇ, ಆರೂ ಪ್ರತಿಗಳ ಬೆನ್ನಿನ ಅಕ್ಷರ ಒಂದೇ ದಿಕ್ಕಿಗೆ ಓದಿಸಿಕೊಳ್ಳುತ್ತವೆಯೇ ಎಂದು ನೋಡಿ. ಬ್ಲಾಕನ್ನು ಕೇಳಿ ಪಡೆದುಕೊಳ್ಳಿ, ಅಥವಾ ಎಷ್ಟು ಕಾಲ ಇಟ್ಟುಕೊಂಡಿರುತ್ತಾರೆ ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ; ಮೌಖಿಕ ಪರೀಕ್ಷೆಯಲ್ಲಿ ಶೀರ್ಷಿಕೆ ಬದಲಾಗದಿದ್ದರೆ ತಿದ್ದಿದ ಪ್ರತಿಗೂ ಅದೇ ಬಳಕೆಗೆ ಬರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿರುವ ನಿಮ್ಮ ಪಿಡಿಎಫ್‌ ಕಡತವನ್ನು ಅಳಿಸಿಯೇ ಹೊರಡಿ. ಡೆಸ್ಕ್‌ಟಾಪಿನಿಂದ ಮಾತ್ರವಲ್ಲ, `Downloads` ಮತ್ತು `Recycle Bin`ಗಳಿಂದಲೂ.